ಮನೆ ಚೆನ್ನಾಗಿದೆ, ಮಧ್ಯಾಹ್ನ ಮೂರಕ್ಕೆ ಹೇಗಿರುತ್ತೆ?

ಕೈಯಲ್ಲಿ ಕಾಸಿಲ್ಲದೆ ಕಿರುಚಿತ್ರ ಮಾಡಲು ಹೊರಟ ತಂಡಕ್ಕೆ ಮೊದಲು ಸಿಗುವ ಲೊಕೇಶನ್ ಸಾಮಾನ್ಯವಾಗಿ ಯಾರದೋ ಅಜ್ಜಿ ಮನೆ. ಕೆಂಪು ನೆಲ, ಮರದ ಕಂಬ, ಸರಳಿನ ಕಿಟಕಿ. ವಾಟ್ಸಾಪ್‌ನಲ್ಲಿ ನಾಲ್ಕು ಫೋಟೊ ಬಂದ ಕೂಡಲೇ ‘ಇದೇ ಸಾಕು’ ಎಂದು ತೀರ್ಮಾನವಾಗಿಬಿಡುತ್ತದೆ. ಆ ಫೋಟೊಗಳಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗುವುದಿಲ್ಲ, ಬಿಸಿಲೂ ಸರಿಯುವುದಿಲ್ಲ.

ದೊಡ್ಡ ಚಿತ್ರಗಳಿಗೆ ಇದು ಅಷ್ಟು ಮುಖ್ಯವಾಗದಿರಬಹುದು. ನಮ್ಮಲ್ಲಿ ಡೈಲಾಗನ್ನು ಆಮೇಲೆ ಸ್ಟುಡಿಯೊದಲ್ಲಿ ಡಬ್ ಮಾಡುವ ರೂಢಿ ಹಳೆಯದು. ಸೆಟ್ಟಿನಲ್ಲಿ ಜನರೇಟರ್ ಗುಡುಗಿದರೂ ಕೆಲಸ ನಿಲ್ಲುತ್ತಿರಲಿಲ್ಲ. ಡಬ್ಬಿಂಗ್‌ಗೆ ದುಡ್ಡಿಲ್ಲದವರಿಗೆ ಸ್ಥಳದಲ್ಲಿ ಸಿಕ್ಕ ದನಿಯೇ ಕೊನೆಯ ದನಿ. ಹಾಗಾಗಿ ಜಾಗ ನೋಡಲು ಹೋದವರು ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಮಲ್ಲೇಶ್ವರದಲ್ಲೊಂದು ಹಳೇ ಮನೆ, ರೈಲು ಹಳಿಯಿಂದ ಒಂದೆರಡು ಬೀದಿ ಈಚೆ. ದೃಶ್ಯ ಸರಳ: ನಡುಮನೆಯಲ್ಲಿ ಅಕ್ಕ, ತಂಗಿ ಕೂತು ಆಸ್ತಿಯ ಪಾಲಿನ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ಪರದೆಯ ಮೇಲೆ ನಾಲ್ಕು ನಿಮಿಷ. ಡಿಸೆಂಬರಿನ ಒಂದು ಸೋಮವಾರ, ಮಧ್ಯಾಹ್ನ 2ರಿಂದ 5ರವರೆಗೆ ಶೂಟಿಂಗ್ ಮಾಡುವ ಯೋಜನೆ.

ಹಾಗಿದ್ದರೆ ಜಾಗ ನೋಡಬೇಕಾದದ್ದೂ ಸೋಮವಾರ ಮಧ್ಯಾಹ್ನವೇ. ಭಾನುವಾರ ಬೆಳಿಗ್ಗೆ ಹೋದವರಿಗೆ ಎದುರು ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಸದ್ದು ಕೇಳುವುದಿಲ್ಲ, ಶಾಲೆ ಬಿಡುವ ಗಲಾಟೆಯೂ ಗೊತ್ತಾಗುವುದಿಲ್ಲ. ಹೋದವರು ಮಾತು ನಿಲ್ಲಿಸಿ, ಫ್ಯಾನ್ ಆರಿಸಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಹತ್ತು ಹದಿನೈದು ನಿಮಿಷ ಸುಮ್ಮನೆ ಕೂರಬೇಕು. ಯಾವ ಸದ್ದು ಎಷ್ಟು ಹೊತ್ತಿಗೆ ಬಂತೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಬಹಳ ಬೇಜಾರಿನ ಕೆಲಸ; ಅದಕ್ಕೇ ಹೆಚ್ಚಿನವರು ಮಾಡುವುದಿಲ್ಲ.

ಚೀಟಿಯಲ್ಲಿ ಎರಡು ಜಾತಿಯ ಸದ್ದುಗಳು ಕಾಣುತ್ತವೆ. ದೂರದ ಟ್ರಾಫಿಕ್ಕಿನ ಮೊರೆತದಂಥ ಒಂದೇ ಸಮನೆ ಇರುವ ಸದ್ದು ಅಂಥ ಕಾಟ ಕೊಡುವುದಿಲ್ಲ. ನಟರು ಸುಮ್ಮನಿದ್ದಾಗ ಅದೇ ಕೋಣೆಯ ಸದ್ದನ್ನು ಒಂದು ನಿಮಿಷ ಪ್ರತ್ಯೇಕ ರೆಕಾರ್ಡ್ ಮಾಡಿಕೊಂಡರೆ, ಎಡಿಟಿಂಗ್‌ನಲ್ಲಿ ತುಣುಕುಗಳ ನಡುವೆ ಅದನ್ನು ಹಾಸಿ ಬೆಸುಗೆ ಕಾಣದಂತೆ ಮಾಡಬಹುದು. ಇದನ್ನು ರೂಮ್ ಟೋನ್ ಅನ್ನುತ್ತಾರೆ. ನಿಜವಾದ ತಲೆನೋವು ಬಂದು ಹೋಗುವ ಸದ್ದು. ಅಕ್ಕನ ಮಾತಿನ ಹಿಂದೆ ಫ್ರಿಜ್ ಗುಂಯ್ಗುಡುತ್ತಿದ್ದು ತಂಗಿಯ ಉತ್ತರದ ಹೊತ್ತಿಗೆ ಅದು ಆಫಾಗಿದ್ದರೆ, ಪ್ರತಿ ಕಟ್ಟಿನಲ್ಲೂ ಮನೆಯೇ ಬದಲಾದಂತೆ ಕೇಳುತ್ತದೆ. ಸೊಪ್ಪಿನ ಗಾಡಿಯ ಮೈಕು, ಹಾರ್ನು, ಕುಕ್ಕರ್ ಎಲ್ಲ ಇದೇ ಜಾತಿ. ಪಕ್ಕದ ಮನೆಯ ಟೀವಿಯಲ್ಲಿ ಸಿನಿಮಾ ಹಾಡು ಬರುತ್ತಿದ್ದರಂತೂ ಎರಡು ಕಷ್ಟ: ಮಾತೂ ಕೆಡುತ್ತದೆ, ಯೂಟ್ಯೂಬಿಗೆ ಹಾಕಿದಾಗ ಹಕ್ಕುಸ್ವಾಮ್ಯದ ತಕರಾರೂ ಬರಬಹುದು.

ಫೋನಿನ ಡೆಸಿಬಲ್ ಆ್ಯಪ್ ಎರಡು ಕೋಣೆಗಳನ್ನು ಹೋಲಿಸಲು ಸಾಕು, ಅದು ತೋರಿಸುವ ಅಂಕಿಯನ್ನು ಪೂರ್ತಿ ನಂಬಬಾರದು. ಅದಕ್ಕಿಂತ ಒಳ್ಳೆಯ ಪರೀಕ್ಷೆಯೆಂದರೆ, ಶೂಟಿಂಗ್‌ಗೆ ತರುವ ಮೈಕನ್ನೇ ಒಯ್ದು, ಕ್ಯಾಮೆರಾ ಚೌಕಟ್ಟಿನ ಆಚೆ ಇಡಲು ಸಾಧ್ಯವಾಗುವಷ್ಟು ದೂರದಲ್ಲಿ ಹಿಡಿದು, ಒಬ್ಬರಿಂದ ಅದೇ ಡೈಲಾಗನ್ನು ಅದೇ ತಗ್ಗಿದ ದನಿಯಲ್ಲಿ ಹೇಳಿಸಿ ಹೆಡ್‌ಫೋನಿನಲ್ಲಿ ಕೇಳುವುದು. ಮೈಕಿನ ದೂರ ಅರ್ಧವಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ, ಬೀದಿಯ ಸದ್ದು ಇದ್ದಷ್ಟೇ ಇರುತ್ತದೆ. ಒಂದು ಚಪ್ಪಾಳೆಯನ್ನೂ ತಟ್ಟಿ ನೋಡಬೇಕು. ಕೆಂಪು ನೆಲದ ಖಾಲಿ ನಡುಮನೆ ಟಣ್ಣೆಂದು ಮಾರ್ದನಿ ಕೊಟ್ಟರೆ ಜಮಖಾನ, ರಜಾಯಿಗಳನ್ನು ಹೊಂದಿಸಿಕೊಳ್ಳಲು ಅಂದೇ ಗುರುತು ಹಾಕಿಕೊಳ್ಳಬಹುದು.

ರೈಲಿನ ಗತಿ? ಅದು ಹೋಗುವವರೆಗೆ ಕಾಯಬೇಕು, ಇಲ್ಲವೇ ಅದನ್ನು ಕಥೆಗೆ ಸೇರಿಸಿಕೊಳ್ಳಬೇಕು. ಪಾಲಿನ ಮಾತು ಬಿಗಿಯಾದಾಗ ರೈಲು ಹಾದು, ಇಬ್ಬರೂ ಸುಮ್ಮನಾಗುವುದು ದೃಶ್ಯಕ್ಕೆ ಒಳ್ಳೆಯದೇ ಮಾಡೀತು.

ಇನ್ನು ಬೆಳಕು. ಈ ಮನೆಯ ಕಿಟಕಿ ಪಶ್ಚಿಮಕ್ಕಿದೆ, ಮೇಲಂಚು ನೆಲದಿಂದ ಏಳು ಅಡಿ, ಎದುರಿಗೆ ಮರವಾಗಲಿ ಕಟ್ಟಡವಾಗಲಿ ಇಲ್ಲ ಅನ್ನೋಣ. ಡಿಸೆಂಬರಿನಲ್ಲಿ ಬೆಂಗಳೂರಿನ ಸೂರ್ಯ 3 ಗಂಟೆಗೆ ಇನ್ನೂ ಸಾಕಷ್ಟು ಮೇಲಿರುತ್ತಾನೆ. ಬಿಸಿಲು ಕಿಟಕಿಯಿಂದ ಒಳಗೆ ಏಳು ಅಡಿಯವರೆಗೆ ಬೀಳುತ್ತದೆ. 4 ಗಂಟೆಗೆ ಅದೇ ಬಿಸಿಲು ಹದಿಮೂರು ಅಡಿ ತಲುಪಿರುತ್ತದೆ. 5ರ ಹೊತ್ತಿಗೆ ಎದುರು ಗೋಡೆ ಹತ್ತಿ ಬಣ್ಣವೂ ಕೆಂಪಾಗಿರುತ್ತದೆ. ಅಕ್ಕನ ಕ್ಲೋಸಪ್ಪನ್ನು 3ಕ್ಕೆ, ತಂಗಿಯದನ್ನು 4:30ಕ್ಕೆ ತೆಗೆದರೆ, ಒಂದೇ ಮಾತುಕತೆಯಲ್ಲಿ ಒಬ್ಬಳು ಮಧ್ಯಾಹ್ನದಲ್ಲೂ ಇನ್ನೊಬ್ಬಳು ಸಂಜೆಯಲ್ಲೂ ಕೂತಂತೆ ಕಾಣುತ್ತದೆ. ಜಾಗ ನೋಡಲು ಹೋದ ದಿನವೇ ಅರ್ಧ ಗಂಟೆಗೊಮ್ಮೆ ಒಂದೇ ಜಾಗದಿಂದ ಫೋಟೊ ತೆಗೆದು, ಬಿಸಿಲಿನ ಅಂಚಿಗೆ ನೆಲದಲ್ಲಿ ಟೇಪ್ ಅಂಟಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಪರಿಹಾರ ಸುಲಭ: ಕಿಟಕಿಯೂ ನೆಲದ ಬಿಸಿಲೂ ಕಾಣುವ ಅಗಲ ಶಾಟ್‌ಗಳನ್ನು ಮೊದಲು, ಒಂದೇ ಏಟಿಗೆ ಮುಗಿಸುವುದು, ಆಮೇಲೆ ಕಿಟಕಿಗೆ ಹೊರಗಿನಿಂದ ಬಿಳಿ ಪಂಚೆ ಕಟ್ಟಿ ಬೆಳಕನ್ನು ಮೆದು ಮಾಡಿ ಕ್ಲೋಸಪ್‌ಗಳಿಗೆ ಇಳಿಯುವುದು.

ಉತ್ತರದ ಕಿಟಕಿಯ ಬೆಳಕು ದಿನವಿಡೀ ಬದಲಾಗದೆಂಬ ಮಾತು ಪಾಶ್ಚಾತ್ಯ ಕಲಾವಿದರ ಸ್ಟುಡಿಯೊಗಳಿಂದ ಬಂದದ್ದು. ಡಿಸೆಂಬರಿನಲ್ಲಿ ಅದು ಇಲ್ಲೂ ನಿಜ. ಆದರೆ ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿಗೆ ನಡುಹಗಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಮರಳುವುದು ಆಗಸ್ಟ್ 18ರ ಸುಮಾರಿಗೆ. ಜೂನಿನಲ್ಲಿ ಉತ್ತರದ ಕಿಟಕಿಯನ್ನು ನಂಬಿ ಕೂತವರ ಮೇಲೂ ಬಿಸಿಲು ಬಿದ್ದೀತು. ಮಳೆಗಾಲದಲ್ಲಿ ಮೋಡ ಬಂದು ಹೋಗುವ ಕಾಟ ಬೇರೆ. ಆಗ ಫೋನ್ ಕ್ಯಾಮೆರಾದ ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್ ಲಾಕ್ ಮಾಡದಿದ್ದರೆ ಶಾಟ್ ನಡುವೆಯೇ ಗೋಡೆಯ ಬಣ್ಣ ಬದಲಾಗುತ್ತದೆ.

ಅನುಮತಿಯ ವಿಷಯದಲ್ಲಿ ಖಾಸಗಿ ಮನೆ ಸುಲಭ ಅನ್ನಿಸುತ್ತದೆ. ಆದರೂ ‘ಬನ್ನಿ ಪರವಾಗಿಲ್ಲ’ ಎಂದವರು ಬಾಡಿಗೆದಾರರೋ ಮಾಲೀಕರೋ ಎಂದು ಕೇಳಿಕೊಳ್ಳಬೇಕು. ಒಂದು ಹಾಳೆಯಲ್ಲಿ ದಿನಾಂಕ, ವೇಳೆ, ಬಳಸುವ ಕೋಣೆಗಳು, ಚಿತ್ರವನ್ನು ಉತ್ಸವಕ್ಕೂ ಇಂಟರ್ನೆಟ್ಟಿಗೂ ಹಾಕಲು ಒಪ್ಪಿಗೆ ಬರೆದು ಮಾಲೀಕರ ಸಹಿ ಪಡೆದರೆ ಆಮೇಲೆ ಕಸಿವಿಸಿ ಇಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತಯಾರಾದ ‘ತಿಥಿ’ (2015) ಚಿತ್ರದ ಕಥೆಗಾರ ಈರೇಗೌಡರಿಗೆ ಅದು ಸ್ವಂತ ಊರು. ತಂಡದಲ್ಲಿ ಆ ಊರಿನವರೊಬ್ಬರಿದ್ದರೆ ಬಾಗಿಲುಗಳು ಬೇಗ ತೆರೆಯುತ್ತವೆ.

ಮನೆಯ ಹೊಸಿಲು ದಾಟಿದರೆ ಲೆಕ್ಕ ಬೇರೆ. ರಸ್ತೆಯಲ್ಲಿ ಸ್ಟ್ಯಾಂಡ್ ಇಟ್ಟು ಓಡಾಟಕ್ಕೆ ಅಡ್ಡಿಯಾಗುವಂತಿದ್ದರೆ ಪೊಲೀಸರ ಅನುಮತಿ ಬೇಕು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯವು. ಹಂಪಿ, ಸೋಮನಾಥಪುರದಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ತೆರೆದರೂ ಮುಂಚಿತ ಅನುಮತಿ ಕೇಳುತ್ತಾರೆ. ಪ್ಲಾಟ್‌ಫಾರ್ಮ್ ಟಿಕೆಟ್ ಶೂಟಿಂಗ್ ಪರವಾನಗಿ ಆಗುವುದಿಲ್ಲ. ರೈಲ್ವೆಗೆ ಪ್ರತ್ಯೇಕ ಅರ್ಜಿ, ಶುಲ್ಕ, ಷರತ್ತುಗಳಿವೆ. ಕಥೆಯಲ್ಲಿ ತಂಗಿ ರೈಲು ಹತ್ತಿ ಹೋಗಲೇಬೇಕಿದ್ದರೆ, ಅವಳು ಸೂಟ್‌ಕೇಸ್ ಹಿಡಿದು ಮನೆಯ ಗೇಟು ದಾಟುವುದನ್ನು ತೋರಿಸಿ, ಖಾಲಿ ನಡುಮನೆಯ ಮೇಲೆ ರೈಲಿನ ಸದ್ದು ಹಾಕಿದರಾಯಿತು. ಆ ಸದ್ದು ಜಾಗ ನೋಡಲು ಹೋದ ದಿನವೇ ರೆಕಾರ್ಡ್ ಆಗಿರುತ್ತದೆ.

ಶೂಟಿಂಗಿನ ಹಿಂದಿನ ಸಂಜೆ ಉಳಿಯುವುದು ಚಿಲ್ಲರೆ ಮಾತುಕತೆ. ಮಧ್ಯಾಹ್ನ ಸಂಪಿನ ಮೋಟರ್ ಹಾಕದಂತೆ ಬೆಳಿಗ್ಗೆಯೇ ಟ್ಯಾಂಕ್ ತುಂಬಿಸಿಕೊಳ್ಳಲು ಮನೆಯವರಿಗೆ ಹೇಳುವುದು, ಪಕ್ಕದ ಮನೆಯ ಆಂಟಿಗೆ ‘3ರಿಂದ 4ರವರೆಗೆ ಟೀವಿ ಸ್ವಲ್ಪ ಸಣ್ಣಗಿಡ್ತೀರಾ’ ಎಂದು ಕೇಳುವುದು. ಫ್ರಿಜ್ ಆರಿಸಿದವರು ತಮ್ಮ ಬೈಕಿನ ಕೀಯನ್ನು ಅದರೊಳಗೇ ಇಡುವುದು ಒಳ್ಳೆಯದು. ಹೊರಡುವಾಗ ಕೀ ಹುಡುಕಲೇಬೇಕಾಗುತ್ತದೆ, ಫ್ರಿಜ್ ಮತ್ತೆ ಹಾಕುವುದೂ ನೆನಪಾಗುತ್ತದೆ. ಮನೆಯವರ ಹಾಲು ಕೆಡುವುದಿಲ್ಲ.