ಫೋಟೊದ ಮದರಂಗಿ, ಮದುಮಗಳ ಕೈ

ಮದುಮಗಳ ಮೊಬೈಲಿನಲ್ಲಿ ಕೂಡಿಟ್ಟ ಮೆಹಂದಿ ಫೋಟೊಗಳಲ್ಲಿ ಹೆಚ್ಚಿನವು ಕೋನ್ ಕೆಳಗಿಟ್ಟ ಕೂಡಲೇ ತೆಗೆದವು. ಹಸಿ ಮದರಂಗಿ ಕಪ್ಪಗೆ ಉಬ್ಬಿ ನಿಂತಾಗ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಧಾರೆಯ ಹೊತ್ತಿಗೆ ಕೈಯಲ್ಲಿ ಉಳಿಯುವುದು ಆ ಕಪ್ಪಲ್ಲ, ಅದು ಉದುರಿದ ಮೇಲಿನ ಬಣ್ಣ: ಮೊದಲು ಕಿತ್ತಳೆ, ಒಂದೆರಡು ದಿನದಲ್ಲಿ ಕೆಂಪುಗಂದು. ಹಾಗಾಗಿ ಮೆಹಂದಿ ಹಾಕುವವರಿಂದ ಬಣ್ಣ ಕೂತ ನಂತರದ ಫೋಟೊವನ್ನೇ ಕೇಳಿ ಪಡೆಯುವುದು ವಾಸಿ.

ಆ ಫೋಟೊದಲ್ಲಿ ಮೊದಲು ನೋಡಬೇಕಾದ್ದು ಗೆರೆಗಳನ್ನಲ್ಲ, ಗೆರೆಗಳ ನಡುವೆ ಬಿಟ್ಟ ಬರಿ ಜಾಗವನ್ನು. ಜಾಗ ಸಾಲದಿದ್ದರೆ ಅಕ್ಕಪಕ್ಕದ ಎಳೆಗಳು ಕೂಡಿಕೊಂಡು ಜಾಲರಿಯಿದ್ದಲ್ಲಿ ಕೆಂಪು ಮಚ್ಚೆ ಉಳಿಯುತ್ತದೆ. ಫೋಟೊವನ್ನು ಹಿಗ್ಗಿಸಿ ನೋಡಿದರೆ ಇದು ತಿಳಿಯದು. ಕೈಯಷ್ಟೇ ಅಳತೆಗೆ ತಂದು ಮಾರು ದೂರದಿಂದ ನೋಡಬೇಕು. ಅಂಗೈಯ ಚರ್ಮ ದಪ್ಪ, ಅಲ್ಲಿ ಬಣ್ಣ ಗಾಢವಾಗಿ ಹಿಡಿಯುತ್ತದೆ. ಮೊಣಕೈ ಕಡೆಗೆ ಹೋದಷ್ಟೂ ಅದು ತಿಳಿಯಾಗುವುದರಿಂದ, ಅಲ್ಲಿ ಕೂದಲೆಳೆಯ ಕುಸುರಿಗಿಂತ ದಪ್ಪ ಗೆರೆಯೇ ಬಾಳುತ್ತದೆ.

ಅಗಲ ಅಂಗೈ, ಗಿಡ್ಡ ಬೆರಳುಗಳ ಒಬ್ಬ ಮದುಮಗಳ ಮುಂದೆ ಮೂರು ಫೋಟೊಗಳಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದು ರಾಜಸ್ಥಾನಿ ಶೈಲಿ. ನೀಳ ಕೈಯೊಂದರ ಅಂಗೈ ತುಂಬ ವಧೂವರರ ಚಿತ್ರ. ಇವಳ ಕೈಗೆ ಅದನ್ನು ಇಳಿಸಿದರೆ ಮುಖಗಳು ನಾಣ್ಯದಷ್ಟಾಗಿ ಕಣ್ಣು, ಮೂಗು ಕಲಸಿಹೋಗುತ್ತವೆ. ಎರಡನೆಯದರಲ್ಲಿ ಅಂಗೈ ನಡುವೆ ದೊಡ್ಡ ಚಕ್ರ, ಬೆರಳ ತುದಿಗೆ ಒತ್ತಾಗಿ ತುಂಬಿದ ಟೋಪಿ. ನೋಡಲು ಅಚ್ಚುಕಟ್ಟು, ಆದರೆ ಚಕ್ರ ಅಂಗೈಯ ಅಗಲವನ್ನೇ ಎತ್ತಿ ತೋರಿಸುತ್ತದೆ. ಟೋಪಿಯ ಅಂಚು ಬೆರಳನ್ನು ಅಡ್ಡಕ್ಕೆ ಕತ್ತರಿಸಿ ಇನ್ನಷ್ಟು ಗಿಡ್ಡವಾಗಿಸುತ್ತದೆ. ಮೂರನೆಯದು ಅರೇಬಿಕ್ ಬಳ್ಳಿ, ಮಣಿಕಟ್ಟಿನಿಂದ ತೋರುಬೆರಳಿಗೆ ಓರೆಯಾಗಿ ಏರುವಂಥದ್ದು. ಕೈಗೆ ಒಪ್ಪುವುದು ಇದೇ, ಆದರೆ ಮದುವೆ ಕೈ ತುಂಬಿರಬೇಕೆಂದು ಮನೆಯವರ ಹಟ.

ಮೂರನ್ನೂ ಬೆರೆಸಿದರೆ ದಾರಿ ಇದೆ. ವಧೂವರರ ಚಿತ್ರವನ್ನು ಮಣಿಕಟ್ಟಿನ ಕೆಳಗೆ, ಜಾಗವಿರುವಲ್ಲಿ, ದಪ್ಪ ಗೆರೆಯಲ್ಲಿ ದೊಡ್ಡದಾಗಿ ಬರೆಸಬಹುದು. ಅಂಗೈಗೆ ನೆಟ್ಟಗೆ ನಿಂತ ಮಾವಿನಕಾಯಿ, ಬೆರಳಿಗೆ ಬುಡದಿಂದ ತುದಿಯವರೆಗೆ ಒಂದೇ ಬಳ್ಳಿ. ಬೆರಳು ನೀಳವಾಗಿದ್ದವರಿಗೆ ಇಷ್ಟು ಲೆಕ್ಕಾಚಾರ ಬೇಡ, ಅಡ್ಡಪಟ್ಟಿಯೂ ಚೆಂದವೇ.

ಎರಡು ಕೈಯ ಹೊಂದಿಕೆ ನೋಡಲು ಒಂದೇ ಕೈಯ ಫೋಟೊ ಸಾಲದು. ಎಡಗೈ ಫೋಟೊವನ್ನು ಮೊಬೈಲಿನಲ್ಲೇ ಅಡ್ಡಕ್ಕೆ ತಿರುಗಿಸಿ ಬಲಗೈ ಪಕ್ಕ ಇಡಬೇಕು. ವಿನ್ಯಾಸದ ನಡುಗೆರೆ ಎರಡರಲ್ಲೂ ನಡುಬೆರಳ ಬುಡದಿಂದ ಮಣಿಕಟ್ಟಿನ ಮಧ್ಯಕ್ಕೇ ಇಳಿದಿದೆಯೇ? ಮಣಿಕಟ್ಟಿನ ಪಟ್ಟಿಗಳು ಒಂದೇ ಎತ್ತರದಲ್ಲಿವೆಯೇ? ಎಲೆಯೊಂದು ಹೆಚ್ಚುಕಡಿಮೆಯಾದರೆ ಅದು ಕೈಕೆಲಸದ ಗುರುತು, ಬಿಡಬಹುದು. ಪಟ್ಟಿ ಒಂದು ಬೆರಳಗಲ ಜಾರಿದ್ದರೆ ಮಾತ್ರ ಕೈ ಜೋಡಿಸಿದಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊನೆಗೆ ಬರೆದ ಕೈಯನ್ನು ಇನ್ನೂ ಹತ್ತಿರದಿಂದ ನೋಡಬೇಕು. ತಾಸುಗಟ್ಟಲೆ ಬಗ್ಗಿ ಕೂತವರ ದಣಿವು ಮೊದಲು ತೋರುವುದು ಅಲ್ಲಿಯೇ.

ಆಯ್ಕೆ ಮುಗಿದ ಮೇಲೆ ಮದುಮಗಳ ಕೈಯನ್ನು ಹಾಳೆಯ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು, ಮುಖ್ಯ ಆಕಾರಗಳನ್ನಷ್ಟೇ ಅದರೊಳಗೆ ಬರೆಸಿ ನೋಡಬಹುದು. ಹಿಡಿಸದ ಮಾವಿನಕಾಯಿ ಹಾಳೆಯಲ್ಲಾದರೆ ರಬ್ಬರಿನಿಂದ ಅಳಿಯುತ್ತದೆ.