ಉಸಿರೆಳೆಯುವಾಗ ಸದ್ದು ಮಾಡುವ ಹಸುಗೂಸು: ಸದ್ದಿಗಿಂತ ತೂಕ ನೋಡಿ

ಹೆರಿಗೆಯಾಗಿ ಎರಡು ವಾರ ತುಂಬುವ ಹೊತ್ತಿಗೆ ಕೆಲವು ಕೂಸುಗಳು ಉಸಿರಾಡುವಾಗ ಕೀರಲು ಸದ್ದು ಮಾಡತೊಡಗುತ್ತವೆ. ಅಕೀಕಾಕ್ಕೆ ಬಂದ ನೆಂಟರು ಇದನ್ನು ಕೇಳಿ ತಲೆಗೊಂದು ಮಾತು ಹೇಳುತ್ತಾರೆ. ಒಬ್ಬರು ನೆಗಡಿ ಎಂದರೆ ಇನ್ನೊಬ್ಬರು ಕಫ ಎನ್ನುತ್ತಾರೆ, ಮತ್ತೊಬ್ಬರು ನಜರ್ ತಾಗಿದೆ ಎನ್ನುತ್ತಾರೆ. ಹಸುಗೂಸುಗಳಲ್ಲಿ ಇಂಥ ಸದ್ದಿಗೆ ಅತಿ ಸಾಮಾನ್ಯ ಕಾರಣ ಇವು ಯಾವುವೂ ಅಲ್ಲ. ಧ್ವನಿಪೆಟ್ಟಿಗೆಯ ಮೇಲ್ಭಾಗದ ಅಂಗಾಂಶ ಇನ್ನೂ ಗಟ್ಟಿಯಾಗದೆ ಮೆತ್ತಗಿರುವುದೇ ಕಾರಣ. ವೈದ್ಯರು ಇದನ್ನು ಲ್ಯಾರಿಂಗೋಮಲೇಷಿಯಾ ಎನ್ನುತ್ತಾರೆ.

ತೆಳು ಪ್ಲಾಸ್ಟಿಕ್ ಚೀಲದ ಬಾಯಿಗೆ ತುಟಿ ಇಟ್ಟು ಗಾಳಿ ಎಳೆದು ನೋಡಿ. ಚೀಲದ ಬಾಯಿ ಒಳಕ್ಕೆ ಮುದುಡಿ ಫಟಫಟ ಎನ್ನುತ್ತದೆ. ಊದಿದರೆ ತೆರೆದುಕೊಳ್ಳುತ್ತದೆ, ಸದ್ದಿರುವುದಿಲ್ಲ. ಕೂಸಿನ ಗಂಟಲಲ್ಲಿ ನಡೆಯುವುದೂ ಇದೇ. ಹಾಗಾಗಿ ಸದ್ದು ಉಸಿರು ಒಳಗೆಳೆಯುವಾಗ ಕೇಳಿಸುತ್ತದೆ, ಬಿಡುವಾಗ ಕೇಳಿಸದು. ಅಂಗಾತ ಮಲಗಿಸಿದಾಗ, ಅಳುವಾಗ, ಹಾಲು ಕುಡಿಯುವಾಗ ಅದು ಜೋರಾಗುತ್ತದೆ, ಎತ್ತಿ ಹೆಗಲಿಗೆ ಹಾಕಿಕೊಂಡರೆ ತಗ್ಗುತ್ತದೆ. ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ ಹಾಕಿದ ಮೇಲೆ ಸದ್ದು ಇಳಿಯುತ್ತದೆ, ಇದರಲ್ಲಿ ಇಳಿಯುವುದಿಲ್ಲ. ಅಳುವಿನ ಧ್ವನಿ ಮಾತ್ರ ಸ್ಪಷ್ಟವಾಗಿಯೇ ಇರುತ್ತದೆ. ಅಳು ಕ್ಷೀಣವಾಗಿದ್ದರೆ, ಒಡಕಾಗಿದ್ದರೆ, ಅಥವಾ ಉಸಿರು ಬಿಡುವಾಗಲೂ ಸದ್ದಿದ್ದರೆ ಕಾರಣ ಬೇರೆ ಇರಬಹುದು. ಅಂಥ ಕೂಸನ್ನು ತಡಮಾಡದೆ ತೋರಿಸಬೇಕು.

ಈ ಸದ್ದು ಮೊದಲ ತಿಂಗಳುಗಳಲ್ಲಿ ಹೆಚ್ಚುತ್ತಾ ಹೋಗಿ ಸುಮಾರು 6 ತಿಂಗಳಿಗೆ ತುದಿ ಮುಟ್ಟುತ್ತದೆ. ಆಮೇಲೆ ಇಳಿಯುತ್ತದೆ. ಹೆಚ್ಚಿನ ಮಕ್ಕಳಲ್ಲಿ ಒಂದೂವರೆ ಎರಡು ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. ಮನೆಯವರು ದಿನವೂ ಸದ್ದನ್ನೇ ಆಲಿಸುತ್ತಾ ಕೂರುತ್ತಾರೆ. ಆದರೆ ಕೂಸು ಚೆನ್ನಾಗಿದೆಯೇ ಎಂಬುದನ್ನು ಹೇಳುವುದು ತೂಕ.

ಯಾಕೆಂದರೆ ಹಾಲು ಕುಡಿಯುವ ಕೂಸು ಚೀಪಬೇಕು, ನುಂಗಬೇಕು, ಉಸಿರಾಡಬೇಕು, ಮೂರನ್ನೂ ತಾಳ ತಪ್ಪದೆ ಮಾಡಬೇಕು. ಉಸಿರಿಗೇ ಹೆಣಗಬೇಕಾದಾಗ ತಾಳ ತಪ್ಪುತ್ತದೆ. ಕೂಸು ಕೆಮ್ಮುತ್ತದೆ, ನೆತ್ತಿಗೇರಿಸಿಕೊಳ್ಳುತ್ತದೆ, ಮೊಲೆ ಬಿಟ್ಟು ಅಳುತ್ತದೆ, ಹೊಟ್ಟೆ ತುಂಬುವ ಮೊದಲೇ ದಣಿದು ನಿದ್ದೆ ಹೋಗುತ್ತದೆ. ಗಾಳಿ ನುಂಗಿ ಹಾಲು ಕಕ್ಕುತ್ತದೆ. ಹೊಟ್ಟೆಯಿಂದ ಮೇಲೆ ಬಂದ ಹುಳಿ ಅದೇ ಮೆತ್ತನೆಯ ಭಾಗವನ್ನು ಊದಿಸುತ್ತದೆ, ಉಸಿರಿನ ಹಾದಿ ಇನ್ನಷ್ಟು ಕಿರಿದಾಗುತ್ತದೆ. ಕುಡಿದದ್ದು ಕಡಿಮೆ, ಉಸಿರಿಗೆ ಸುಟ್ಟ ಶಕ್ತಿ ಹೆಚ್ಚು. ಲೆಕ್ಕ ತೂಕದಲ್ಲಿ ಸಿಕ್ಕಿಬೀಳುತ್ತದೆ.

ಇಳಕಲ್ಲಿನ ಒಂದು ನೇಕಾರರ ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಹೆಣ್ಣುಕೂಸು, ಹುಟ್ಟಿದಾಗ 2.9 ಕೆ.ಜಿ. ಮೊದಲ ವಾರ ಸ್ವಲ್ಪ ತೂಕ ಇಳಿಯುವುದು ಎಲ್ಲ ಕೂಸುಗಳಲ್ಲೂ ಸಹಜ. 14ನೇ ದಿನ ಆಶಾ ಕಾರ್ಯಕರ್ತೆ ತೂಗಿದಾಗ ಮತ್ತೆ 2.9ಕ್ಕೆ ಬಂದಿತ್ತು. ಸದ್ದು ಅದಾಗಲೇ ಶುರುವಾಗಿತ್ತು. ದಾದಿ ಕಫವೆಂದು ಕೊಠಡಿಯಲ್ಲಿ ಲೋಬಾನ ಹಾಕಿಸಿದರು. 42ನೇ ದಿನ ತೂಕ 3.2. ಏರಿತಲ್ಲ ಎಂದು ಮನೆಯವರು ಸಮಾಧಾನಪಟ್ಟರು. ಆದರೆ 28 ದಿನಗಳಲ್ಲಿ 300 ಗ್ರಾಂ ಎಂದರೆ ದಿನಕ್ಕೆ 11 ಗ್ರಾಂ ಕೂಡ ಇಲ್ಲ. ಮೊದಲ ಮೂರು ತಿಂಗಳು ಕೂಸಿಗೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಈ ಕೂಸು 3.5 ಕೆ.ಜಿ. ಆಸುಪಾಸಿನಲ್ಲಿ ಇರಬೇಕಿತ್ತು. ಅದು ಒಂದೊಂದು ಸಲ ಮುಕ್ಕಾಲು ಗಂಟೆ ಮೊಲೆಯಲ್ಲೇ ಇರುತ್ತದೆ ಎಂದು ತಾಯಿ ಹೇಳಿದ್ದನ್ನು ಇದರ ಜೊತೆ ಇಟ್ಟು ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ. ತಾಯಿ ಕಾರ್ಡಿನಲ್ಲಿ ಬರೆದ ಎರಡು ತೂಕಗಳ ನಡುವಿನ ಈ ಕಳೆಯುವ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು.

ಇಂಥ ಕೂಸನ್ನು ಇಳಕಲ್, ಹುನಗುಂದ, ಬಾದಾಮಿಯಲ್ಲಿ ಮೊದಲು ಮಕ್ಕಳ ವೈದ್ಯರಿಗೆ ತೋರಿಸಬಹುದು. ಖಚಿತವಾಗಬೇಕಾದರೆ ಕಿವಿ-ಮೂಗು-ಗಂಟಲಿನ ವೈದ್ಯರು ಬೇಕು. ಅವರು ಸಣ್ಣ ಬಳುಕುವ ನಳಿಕೆಯನ್ನು ಮೂಗಿನಿಂದ ಇಳಿಸಿ, ಕೂಸು ಎಚ್ಚರವಿರುವಾಗಲೇ ಧ್ವನಿಪೆಟ್ಟಿಗೆಯನ್ನು ನೋಡುತ್ತಾರೆ. ಒಂದೆರಡು ನಿಮಿಷದ ಕೆಲಸ, ಅರಿವಳಿಕೆ ಬೇಡ. ಬಾಗಲಕೋಟೆಯ ನವನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇದೆ, ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಎಂದು ಕರೆಯುತ್ತಿದ್ದ ಕೆಎಂಸಿಆರ್‌ಐ ಇದೆ. ಹಸುಗೂಸಿಗೆ ತಕ್ಕ ತೆಳು ನಳಿಕೆ ಇದೆಯೇ, ಯಾವ ದಿನ ನೋಡುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡು ಹೊರಟರೆ ಬಸ್ಸಿನ ಅಲೆದಾಟ ಉಳಿಯುತ್ತದೆ. ಆಸ್ಪತ್ರೆಗೆ ಹೋದ ಹೊತ್ತಿಗೆ ಕೂಸು ಸದ್ದೇ ಮಾಡದಿರುವುದು ಮಾಮೂಲು. ಹಾಗಾಗಿ ಎದೆಯ ಬಟ್ಟೆ ತೆಗೆದು, ಹಾಲು ಕುಡಿಯುವಾಗ ಮತ್ತು ಮಲಗಿದಾಗ ಒಂದೊಂದು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ತೊಂದರೆ ಸೌಮ್ಯವಾಗಿದ್ದರೆ ಮದ್ದು ಹಾಲು ಕುಡಿಸುವ ರೀತಿಯಲ್ಲೇ ಇದೆ. ಎದೆಹಾಲು ನಿಲ್ಲಿಸಬಾರದು. ಕೂಸಿನ ತಲೆ ಸೊಂಟಕ್ಕಿಂತ ಚೆನ್ನಾಗಿ ಮೇಲಿರಲಿ. ತಾಯಿ ಹಿಂದಕ್ಕೆ ಒರಗಿ ಕೂತು ಕೂಸನ್ನು ಎದೆಯ ಮೇಲೆ ಹಾಕಿಕೊಂಡರೆ ಹಾಲು ರಭಸವಾಗಿ ನುಗ್ಗುವುದಿಲ್ಲ. ಕೂಸು ಏದುಸಿರು ಬಿಟ್ಟ ಕೂಡಲೇ ಬಿಡಿಸಿ, ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಕೊಡಿ. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕುಡಿಸಿ, ನಡುನಡುವೆ ತೇಗಿಸಿ, ಕುಡಿದ ಮೇಲೆ ಅರ್ಧ ಗಂಟೆ ಹೆಗಲ ಮೇಲೆ ನೇರವಾಗಿ ಹಿಡಿದುಕೊಳ್ಳಿ. ನಮ್ಮ ಕಡೆ ಕಾಲ ಮೇಲೆ ಅಂಗಾತ ಮಲಗಿಸಿ, ಅಳುವ ಬಾಯಿಗೆ ಒಳಲೆಯಿಂದ ಹಾಲನ್ನೋ ಗುಟ್ಟಿಯನ್ನೋ ಸುರಿಯುವ ರೂಢಿ ಇದೆ. ಈ ಕೂಸುಗಳಿಗೆ ಅದು ನೇರ ಅಪಾಯ, ಶ್ವಾಸಕೋಶಕ್ಕೆ ಇಳಿದೀತು. ಜೇನು ವರ್ಷ ತುಂಬುವವರೆಗೆ ಯಾವ ಕೂಸಿಗೂ ಬೇಡ. ಲೋಬಾನದ ಹೊಗೆ, ಬೀಡಿ ಹೊಗೆ, ಒಲೆ ಹೊಗೆ ಮೂರರಿಂದಲೂ ದೂರವಿಡಿ.

ಮಲಗಿಸುವ ವಿಷಯದಲ್ಲಿ ಗೊಂದಲವಾಗುತ್ತದೆ. ಬೋರಲು ಹಾಕಿದರೆ ಸದ್ದು ಇಳಿಯುವುದು ನಿಜ, ಆದರೆ ಬೋರಲಾಗಿ ನಿದ್ದೆ ಮಾಡಿಸಬಾರದು. ಮಲಗಿದಲ್ಲೇ ಉಸಿರು ನಿಲ್ಲುವ ಅಪಾಯ ಅದರಲ್ಲಿ ಹೆಚ್ಚು. ವೈದ್ಯರು ಬೇರೆ ಹೇಳದ ಹೊರತು ನಿದ್ದೆ ಅಂಗಾತವೇ, ಸಮತಟ್ಟಾದ ಹಾಸಿಗೆಯ ಮೇಲೆ, ದಿಂಬಿಲ್ಲದೆ. ಸೀರೆಯ ಜೋಲಿಯಲ್ಲಿ ಕೂಸು ಮುದುಡಿ ಗದ್ದ ಎದೆಗೆ ತಾಗುತ್ತದೆ, ಗಾಳಿಯ ಹಾದಿ ಮಡಚಿಕೊಳ್ಳುತ್ತದೆ. ಸದ್ದಿನ ಕೂಸಿಗೆ ಜೋಲಿ ಬೇಡವೇ ಬೇಡ.

ಇಷ್ಟು ಮಾಡಿ ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಬೇಕು. ನಮ್ಮ ಇಳಕಲ್ಲಿನ ಕೂಸು ಎರಡು ವಾರದಲ್ಲಿ 3.55 ಕೆ.ಜಿ.ಗೆ ಬಂದರೆ ದಿನಕ್ಕೆ 25 ಗ್ರಾಂ ಆಯಿತು. ಸದ್ದು ಹಾಗೇ ಇದ್ದರೂ ಕಾಯಬಹುದು. ಏರದಿದ್ದರೆ ವೈದ್ಯರು ಹುಳಿ ತಗ್ಗಿಸುವ ಔಷಧಿಯನ್ನೋ ಹಾಲನ್ನು ಮಂದ ಮಾಡುವುದನ್ನೋ ಯೋಚಿಸುತ್ತಾರೆ. ಇವೆರಡನ್ನೂ ಮನೆಯಲ್ಲೇ ನಿರ್ಧರಿಸಬೇಡಿ. ಹತ್ತರಲ್ಲಿ ಒಂದೆರಡು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ಬಿಗಿದ ಮಡಿಕೆಗಳನ್ನು ಬಿಡಿಸಿ, ಹೆಚ್ಚಾದ ಅಂಗಾಂಶವನ್ನು ಕತ್ತರಿಸುತ್ತಾರೆ. ಕುತ್ತಿಗೆಯ ಮೇಲೆ ಗಾಯವಾಗುವುದಿಲ್ಲ.

ತುಟಿ ನೀಲಿಯಾದರೆ, ಉಸಿರು ನಡುವೆ ನಿಂತರೆ, ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಮತ್ತು ಗಂಟಲ ಕುಳಿಯಲ್ಲಿ ಚರ್ಮ ಆಳವಾಗಿ ಒಳಕ್ಕೆ ಸೆಳೆದರೆ, ಹಾಲು ಪೂರ್ತಿ ಬಿಟ್ಟರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಎದೆ ಸೆಳೆತವೆಂದು ಹೊಟ್ಟೆಗೆ ಬರೆ ಹಾಕಿಸಿಕೊಂಡು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಗಂಡುಕೂಸಾದರೆ ಇನ್ನೊಂದು ಮಾತು. ಖತ್ನಾ ಮಾಡಿಸಲು ಹೋದಾಗ ಈ ಸದ್ದಿನ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ಮಂಪರು ಬರಿಸುವ ಔಷಧಿಯಿಂದ ಮೆತ್ತನೆಯ ಗಂಟಲು ಇನ್ನಷ್ಟು ಕುಸಿಯುತ್ತದೆ. ಸದ್ದು ಇಳಿಯುವವರೆಗೆ ಮುಂದಕ್ಕೆ ಹಾಕಬೇಕೇ ಎಂಬುದನ್ನು ಅವರು ಕೂಸನ್ನು ನೋಡಿ ತೀರ್ಮಾನಿಸುತ್ತಾರೆ.