ಒಂದು ಗಂಟೆಯ ಮೀಟಿಂಗಿಗೆ ಹತ್ತು ನಿಮಿಷದ ಉತ್ತರ

ಮೀಟಿಂಗಿಗೆ ಕರೆ ಬಂದಾಗ ನಮ್ಮ ಕಚೇರಿಗಳಲ್ಲಿ ಹೆಚ್ಚು ಕೇಳಿಬರುವ ಉತ್ತರ ‘ನೋಡ್ತೀನಿ ಸರ್’. ಅದು ಹೂಂ ಕೂಡ ಅಲ್ಲ, ಊಹೂಂ ಕೂಡ ಅಲ್ಲ. ಕರೆದವರು ಒಂದು ಕುರ್ಚಿ ಎತ್ತಿಟ್ಟು ಕಾಯುತ್ತಾರೆ, ನೀವು ಹೋಗುವುದಿಲ್ಲ, ತೀರ್ಮಾನ ಮುಂದಿನ ವಾರಕ್ಕೆ ಬೀಳುತ್ತದೆ. ‘ಆಗುವುದಿಲ್ಲ’ ಎಂದು ಮೊದಲೇ ತಿಳಿಸಿದ್ದರೆ ಅವರಿಗೆ ಬೇರೆ ಏರ್ಪಾಡು ಮಾಡಿಕೊಳ್ಳಲು ಸಮಯವಾದರೂ ಸಿಗುತ್ತಿತ್ತು.

ಉತ್ತರ ಬರೆಯುವ ಮುನ್ನ ಈ ಮೀಟಿಂಗಿಗೆ ನನ್ನಿಂದ ಬೇಕಾಗಿರುವುದೇನು ಎಂದು ಕೇಳಿಕೊಳ್ಳಬೇಕು. ಮಾಹಿತಿಯೋ, ಅಭಿಪ್ರಾಯವೋ, ಒಪ್ಪಿಗೆಯೋ? ಮಾಹಿತಿಯಾದರೆ ಬರೆದು ಕೊಡಬಹುದು. ಅಭಿಪ್ರಾಯವಾದರೆ ಹತ್ತು ಹದಿನೈದು ನಿಮಿಷ ಕೂತು ಹೇಳಬಹುದು. ನಿಮ್ಮ ಒಪ್ಪಿಗೆಯಿಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ ಎಂದಾದರೆ ನಿರಾಕರಿಸುವ ಬದಲು ಬೇರೆ ಹೊತ್ತು ಕೇಳುವುದೇ ಸರಿ.

ಪೀಣ್ಯದ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಬೋಲ್ಟ್ ಪೂರೈಸುವ ಸಪ್ಲೈಯರನ್ನು ಬದಲಿಸಬೇಕೇ ಎಂದು ಚರ್ಚಿಸಲು ಪರ್ಚೇಸ್ ವಿಭಾಗದ ಮೇಡಂ ಏಳು ಜನರನ್ನು ಗುರುವಾರ 3ರಿಂದ 4 ಗಂಟೆಗೆ ಕರೆದಿದ್ದಾರೆ. ಅದೇ ಹೊತ್ತಿಗೆ ಲಾರಿಗೆ ಮಾಲು ಹೇರಬೇಕು, ಅದಕ್ಕೆ ಮುಂಚೆ ಕ್ವಾಲಿಟಿ ಇನ್‌ಚಾರ್ಜ್ ಪರೀಕ್ಷಿಸಿ ಸಹಿ ಹಾಕಬೇಕು. ಮೀಟಿಂಗಿನಲ್ಲಿ ಅವರನ್ನು ಕೇಳುವುದು ಒಂದೇ ಪ್ರಶ್ನೆ: ಯಾರ ಮಾಲು ಹೆಚ್ಚು ರಿಜೆಕ್ಟ್ ಆಗುತ್ತಿದೆ? ಅವರು ಹೀಗೆ ಬರೆಯಬಹುದು:

‘ಮೇಡಂ, ಕರೆದಿದ್ದಕ್ಕೆ ಧನ್ಯವಾದ. ಗುರುವಾರ 3ಕ್ಕೆ ಡಿಸ್‌ಪ್ಯಾಚ್ ತಪಾಸಣೆ ಇರುವುದರಿಂದ ಬರಲು ಆಗುವುದಿಲ್ಲ. ನನ್ನ ಕಡೆಯ ಲೆಕ್ಕ ಇದು: ಕಳೆದ ಮೂರು ತಿಂಗಳಲ್ಲಿ ಹಳೆಯ ಸಪ್ಲೈಯರ್ ಕಳಿಸಿದ 400 ಪೆಟ್ಟಿಗೆಗಳಲ್ಲಿ 12, ಹೊಸಬರು ಕಳಿಸಿದ 150ರಲ್ಲಿ 3 ವಾಪಸಾಗಿವೆ. ಹೊಸಬರ ಮಾಲು ಇನ್ನೂ ಕಡಿಮೆ ಬಂದಿರುವುದರಿಂದ ಒಂದು ತಿಂಗಳು ಇಬ್ಬರಿಂದಲೂ ತರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇದರ ಬಗ್ಗೆ ಪ್ರಶ್ನೆಗಳಿದ್ದರೆ ಬುಧವಾರ 11.30ರಿಂದ 11.45ರವರೆಗೆ ನಿಮ್ಮ ಕ್ಯಾಬಿನ್‌ಗೆ ಬರುತ್ತೇನೆ. ಏನು ತೀರ್ಮಾನವಾಯಿತೆಂದು ಒಂದು ಸಾಲು ತಿಳಿಸಿ.’

ಕಾರಣ ಇಲ್ಲಿ ಒಂದೇ ವಾಕ್ಯದಲ್ಲಿ ಮುಗಿದಿದೆ. ಕಾರಣ ಉದ್ದವಾದಷ್ಟೂ ನೆಪದಂತೆ ಕೇಳಿಸುತ್ತದೆ. ‘ಆಮೇಲೆ ಮೇಲ್ ಮಾಡ್ತೀನಿ’ ಎಂದು ಮುಂದೂಡದೆ ಲೆಕ್ಕವನ್ನು ಅಲ್ಲೇ ಕೊಟ್ಟಿದ್ದಾರೆ. ಹೊತ್ತನ್ನೂ ‘ಯಾವಾಗಲಾದರೂ’ ಎನ್ನದೆ ಶುರು ಮತ್ತು ಮುಗಿಯುವ ಗಳಿಗೆಯ ಸಮೇತ ಹೇಳಿದ್ದಾರೆ, ಅದೂ ಮೀಟಿಂಗಿಗೆ ಮುಂಚಿನ ದಿನ. ಶುಕ್ರವಾರ ಎಂದಿದ್ದರೆ ತೀರ್ಮಾನ ಅವರಿಗಾಗಿ ಕಾಯಬೇಕಾಗುತ್ತಿತ್ತು.

ಈ ಉತ್ತರವನ್ನು ಕಳಿಸುವ ದಾರಿಯಲ್ಲೂ ಎಡವುವುದುಂಟು. ಗೂಗಲ್ ಕ್ಯಾಲೆಂಡರಿನಲ್ಲಿ ಬರೀ `No` ಒತ್ತಿ ಸುಮ್ಮನಾದರೆ ಕರೆದವರಿಗೆ ಕಾಣುವುದು ನಿರಾಕರಣೆ ಮಾತ್ರ, ಅದರ ಹಿಂದಿನ ಕಾರಣವಲ್ಲ. ಔಟ್‌ಲುಕ್‌ನಲ್ಲಂತೂ ಉತ್ತರವನ್ನೇ ಕಳಿಸದೆ ನಿರಾಕರಿಸಲು ಅವಕಾಶವಿದೆ. ಹಾಗೆ ಮಾಡಿದರೆ ಮೀಟಿಂಗ್ ನಿಮ್ಮ ಕ್ಯಾಲೆಂಡರಿನಿಂದ ಮಾಯವಾಗುತ್ತದೆ, ಕರೆದವರಿಗೆ ಸುದ್ದಿ ಮುಟ್ಟುವುದಿಲ್ಲ. ಎರಡರಲ್ಲೂ ಬೇರೆ ಸಮಯ ಸೂಚಿಸಲು `Propose new time` ಎಂಬಂಥ ಆಯ್ಕೆ ಇದೆ. ಅದು ಬರೀ ಸೂಚನೆ, ಕರೆದವರು ಒಪ್ಪುವ ತನಕ ಮೀಟಿಂಗ್ ಹಳೆಯ ಹೊತ್ತಿನಲ್ಲೇ ಇರುತ್ತದೆ. ಏಳು ಜನರ ಮೀಟಿಂಗನ್ನು ಒಬ್ಬರಿಗಾಗಿ ಸರಿಸಿ ಎನ್ನುವುದಕ್ಕಿಂತ ಕರೆದವರೊಬ್ಬರ ಜೊತೆ ಹದಿನೈದು ನಿಮಿಷ ಕೇಳುವುದು ಹಗುರ. ಪ್ರತಿ ವಾರದ ಮೀಟಿಂಗಾದರೆ ನಿರಾಕರಿಸುತ್ತಿರುವುದು ಆ ಒಂದು ದಿನವನ್ನೋ ಇಡೀ ಸರಣಿಯನ್ನೋ ಎಂದು ನೋಡಿಕೊಂಡೇ ಒತ್ತಬೇಕು.

ಬರೆದು ಕೊಟ್ಟದ್ದು ಕೆಲಸ ಮಾಡಿತೇ ಎಂದು ತಿಳಿಯುವುದು ಮೀಟಿಂಗ್ ಮುಗಿದ ಮೇಲೆ. ಅದೇ ಲೆಕ್ಕ ಕೇಳಿ ಫೋನ್ ಬಂದರೆ ಟಿಪ್ಪಣಿಯನ್ನು ಯಾರೂ ಓದಿಲ್ಲ ಎಂದರ್ಥ. ಮುಂದಿನ ಸಲ ಅದನ್ನು ಕರೆದವರಿಗಷ್ಟೇ ಅಲ್ಲದೆ ಆಹ್ವಾನಿತರೆಲ್ಲರಿಗೂ ಕಳಿಸಿ, ‘ಶುರುವಿನಲ್ಲೇ ಇದನ್ನೊಮ್ಮೆ ಓದಿಬಿಡಿ’ ಎಂದು ಕೇಳಿಕೊಳ್ಳಬೇಕು. ನೀವಿಲ್ಲದೆಯೂ ತೀರ್ಮಾನವಾಗಿದ್ದರೆ ಆ ಸಾಲಿನ ಮೀಟಿಂಗುಗಳಿಗೆ ನಿಮ್ಮ ಟಿಪ್ಪಣಿಯೇ ಸಾಕು.

ಕರೆದವರು ಮೇಲಧಿಕಾರಿಯಾದರೆ ವಾಕ್ಯದ ದಿಕ್ಕು ಬದಲಾಗಬೇಕು. ‘ಬರಲು ಆಗುವುದಿಲ್ಲ’ ಎನ್ನುವ ಬದಲು ‘ಸರ್, ಆ ಹೊತ್ತಿಗೆ ಡಿಸ್‌ಪ್ಯಾಚ್ ಇದೆ. ಲೆಕ್ಕ ಬರೆದು ಕೊಟ್ಟರೆ ಸಾಕೋ, ತಪಾಸಣೆಗೆ ಬೇರೆಯವರನ್ನು ನಿಲ್ಲಿಸಿ ನಾನೇ ಬರಲೋ?’ ಎಂದರೆ ಯಾವ ಕೆಲಸ ಮುಖ್ಯ ಎಂಬ ತೀರ್ಮಾನ ಅವರದಾಗುತ್ತದೆ. ಇನ್ನು ಇಬ್ಬರ ನಡುವಿನ ಮನಸ್ತಾಪ, ಯಾರದೋ ಮೇಲಿನ ದೂರು, ಸಂಬಳದ ವಿಷಯ ಇದ್ದಲ್ಲಿ ಬರಹ ನೆಚ್ಚುವಂಥದ್ದಲ್ಲ. ಮೆತ್ತಗೆ ಹೇಳಿದ ಮಾತೂ ಅಲ್ಲಿ ಕಾಗದದ ಮೇಲೆ ಗಡುಸಾಗಿ ಕಾಣುತ್ತದೆ. ಅಂಥ ಮೀಟಿಂಗಿಗೆ ಬಿಡುವು ಮಾಡಿಕೊಂಡು ಹೋಗುವುದೇ ಲೇಸು.